ಸಂದರ್ಶನ ಪತ್ರದ ಫೋಟೋ ನೋಡಿ ಸಿದ್ಧಪಡಿಸಿದ ದಾಖಲೆಗಳ ಪಟ್ಟಿ ಮತ್ತು ಪ್ರಯಾಣದ ಯೋಜನೆ

ಪ್ರಿಯ ತಂಗಿಗೆ,

ನಿನ್ನೆ ರಾತ್ರಿ ನೀನು ಕಳುಹಿಸಿದ ಎರಡು ಫೋಟೋಗಳನ್ನು ದೊಡ್ಡದು ಮಾಡಿಕೊಂಡು, ಪತ್ರವನ್ನು ಒಂದೊಂದೇ ಸಾಲಾಗಿ ಕಾಗದದ ಮೇಲೆ ಬರೆದುಕೊಂಡ ಮೇಲೆ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಸ್ಪಷ್ಟವಾಗಿ ಓದಲು ಸಿಕ್ಕಿದ್ದನ್ನು, ನಾನು ಊಹಿಸಿಕೊಂಡದ್ದನ್ನು ಮತ್ತು ಓದಲಾಗದೆ ಉಳಿದದ್ದನ್ನು ಒಂದರೊಡನೊಂದು ಬೆರೆಸದೆ ಇಟ್ಟಿದ್ದೇನೆ, ಏಕೆಂದರೆ ದಾಖಲೆ ಪರಿಶೀಲಿಸುವವರ ಮೇಜಿನ ಮುಂದೆ ನಮ್ಮ ಊಹೆ ಯಾವ ಕೆಲಸಕ್ಕೂ ಬರುವುದಿಲ್ಲ. ಇಂದು 2026ರ ಜುಲೈ 1, ಬುಧವಾರ. ನೀನು ಹೊರಡುವ ಮೊದಲು ಹದಿಮೂರು ದಿನಗಳಿದ್ದರೂ ಶನಿವಾರ, ಭಾನುವಾರಗಳನ್ನು ಕಳೆದರೆ ಕಚೇರಿ ಕೆಲಸಕ್ಕೆ ಸಿಗುವುದು ಒಂಬತ್ತೇ ದಿನ.

ಪತ್ರದಲ್ಲಿ ಸ್ಪಷ್ಟವಾಗಿರುವ ವಿಷಯಗಳು

ಹುದ್ದೆ ಸಹಾಯಕ ಗ್ರಂಥಪಾಲಕರದು. ಬೆಳಿಗ್ಗೆ 8.30ಕ್ಕೆ ಹಾಜರಾಗಬೇಕು, 9.00 ಗಂಟೆಯ ನಂತರ ಪ್ರವೇಶವಿಲ್ಲ, ಮೂಲ ದಾಖಲೆಗಳ ಪರಿಶೀಲನೆ ಮುಗಿದವರಿಗೆ ಮಾತ್ರ 10.30ರಿಂದ ಸಂದರ್ಶನ ನಡೆಯುತ್ತದೆ. ನೀನು ಸಂದೇಶದಲ್ಲಿ "ಹತ್ತೂವರೆಗೆ ಸಂದರ್ಶನ" ಎಂದು ಬರೆದಿದ್ದೆ. ಆ ಸಮಯವನ್ನು ಮನಸ್ಸಿನಿಂದ ತೆಗೆದುಹಾಕು. ನಿನ್ನ ಪಾಲಿಗೆ ಇರುವ ಸಮಯ ಎಂಟೂವರೆ, ಮುಂದಿನ ಇಡೀ ಯೋಜನೆಯನ್ನು ಅಲ್ಲಿಂದಲೇ ಹಿಂದಕ್ಕೆ ಲೆಕ್ಕ ಹಾಕಿದ್ದೇನೆ. ಅಭ್ಯರ್ಥಿಗಳ ಸಂಖ್ಯೆ ಹೆಚ್ಚಿದ್ದರೆ ಸಂದರ್ಶನವು ಮರುದಿನಕ್ಕೆ ಮುಂದುವರಿಯಬಹುದೆಂದೂ, ದಿನಾಂಕ ಬದಲಿಸಿಕೊಡುವ ಕೋರಿಕೆಯನ್ನು ಪರಿಗಣಿಸುವುದಿಲ್ಲವೆಂದೂ, ಸಭಾಂಗಣದೊಳಗೆ ಮೊಬೈಲ್ ಒಯ್ಯುವಂತಿಲ್ಲವೆಂದೂ ಹೇಳಲಾಗಿದೆ. ಸ್ಥಳವು ಆಡಳಿತ ಭವನದ ಎರಡನೇ ಮಹಡಿ. ನೀನು ಅರ್ಜಿ ಕಳುಹಿಸಿದ್ದು ಮುಖ್ಯ ಕಚೇರಿಯ ವಿಳಾಸಕ್ಕೆ. ಪತ್ರದ ತಲೆಬರಹದಲ್ಲಿ ಅಚ್ಚಾಗಿರುವುದೂ ಅದೇ ವಿಳಾಸ. ಸಂದರ್ಶನದ ವಿಳಾಸ ಬೇರೆ, ಮೂರನೆಯ ಪ್ಯಾರಾದಲ್ಲಿದೆ. ಗಾಡಿಯವರಿಗೆ ತಲೆಬರಹವನ್ನು ತೋರಿಸಿ ತಪ್ಪು ಕಟ್ಟಡಕ್ಕೆ ಹೋಗಬೇಡ.

ಫೋಟೋದಲ್ಲಿ ಅನುಮಾನ ಉಳಿದಿರುವ ಜಾಗಗಳು

ಮೊದಲನೆಯದು ದಿನಾಂಕ. ಕಾಗದದ ಮಡಿಕೆ ಅಂಕಿಯ ಮೇಲೆಯೇ ಬಿದ್ದಿರುವುದರಿಂದ ಅದು 16 ಎಂದೂ ಕಾಣುತ್ತದೆ, 18 ಎಂದೂ ಕಾಣುತ್ತದೆ. ಪಕ್ಕದಲ್ಲಿ "ಗುರುವಾರ" ಎಂಬುದು ಸ್ಪಷ್ಟವಾಗಿದೆ, ಈ ಜುಲೈನಲ್ಲಿ ಗುರುವಾರ ಬರುವುದು 16ಕ್ಕೆ, 18 ಶನಿವಾರ. ಆದ್ದರಿಂದ 16 ಎಂದೇ ಇಟ್ಟುಕೊಂಡು ಯೋಜನೆ ಮಾಡಿದ್ದೇನೆ. ಆದರೂ ಪತ್ರ ನಿನ್ನ ಕೈಯಲ್ಲಿಯೇ ಇದೆ, ಬೆಳಕಿಗೆ ಹಿಡಿದು ಓದಿ ಖಚಿತಪಡಿಸಿದ ಮೇಲೆಯೇ ಟಿಕೆಟ್ ಮಾಡಿಸೋಣ.

ಎರಡನೆಯದು ಇದಕ್ಕಿಂತ ಮುಖ್ಯ. ಸೂಚನೆಗಳ ಕ್ರಮಸಂಖ್ಯೆಯಲ್ಲಿ 7ರ ನಂತರ ನೇರವಾಗಿ 9 ಬಂದಿದೆ. ಎಂಟನೆಯದು ಮೊದಲ ಫೋಟೋದ ಕೆಳ ಅಂಚಿನಲ್ಲಿ ಕತ್ತರಿಸಿ ಹೋಗಿದೆ, ಅದರಲ್ಲಿ ಏನಿದೆಯೆಂದು ನಾನು ಊಹಿಸಲು ಹೋಗಿಲ್ಲ. ಮೂರನೆಯದಾಗಿ, ಎರಡನೇ ಫೋಟೋದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಅನುಬಂಧ-2 ಹಿಂಬದಿಯಲ್ಲಿದೆ" ಎಂದಿದೆ, ಹಿಂಬದಿಯ ಫೋಟೋ ನನಗೆ ಬಂದಿಲ್ಲ. ಐದನೇ ಸೂಚನೆಯ ಪ್ರಕಾರ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ "ಅನುಬಂಧ-2ರ ನಮೂನೆಯಲ್ಲಿಯೇ" ಇರಬೇಕಾದ್ದರಿಂದ ಆ ಪುಟ ನೋಡದೆ ಪ್ರಾಂಶುಪಾಲರ ಬಳಿ ಹೋಗಿ ಪತ್ರ ಕೇಳಿದರೆ, ಅದೇ ಕೆಲಸವನ್ನು ಎರಡು ಬಾರಿ ಮಾಡಬೇಕಾಗುತ್ತದೆ. ನಾಲ್ಕನೆಯದು, ಪತ್ರದ ಮೇಲೆ ಅಂಟಿಸುವ ಭಾವಚಿತ್ರಕ್ಕೆ ಸಂಬಂಧಿಸಿದ ಸಾಲಿನ ಮೇಲೆ ಫ್ಲ್ಯಾಷ್ ಬೆಳಕು ಬಿದ್ದು ಅರ್ಧ ಬಿಳಿಯಾಗಿದೆ. ಭಾವಚಿತ್ರದ ಮೇಲೆ ಅಡ್ಡವಾಗಿ ಸಹಿ ಮಾಡಬೇಕೋ, ಅಧಿಕಾರಿಗಳ ಎದುರಿಗೇ ಸಹಿ ಮಾಡಲು ಖಾಲಿ ಬಿಡಬೇಕೋ ಎಂಬುದು ಆ ಸಾಲಿನಲ್ಲಿರಬೇಕು. ಓದಿ ತಿಳಿಯುವವರೆಗೆ ಅಂಟಿಸುವುದನ್ನೂ ಸಹಿ ಮಾಡುವುದನ್ನೂ ತಡೆದಿಡು.

ಪತ್ರವನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಮಡಿಕೆ ಬಿಡಿಸಿ ಹರಡಿ, ಫ್ಲ್ಯಾಷ್ ಇಲ್ಲದೆ, ನಾಲ್ಕು ಮೂಲೆಗಳೂ ಕಾಣುವಂತೆ ನೇರವಾಗಿ ಮೇಲಿನಿಂದ ಫೋಟೋ ತೆಗೆದು, ಹಿಂಬದಿಯನ್ನೂ ಸೇರಿಸಿ ಇಂದೇ ಕಳುಹಿಸು. ಫೋಟೋ ಆಗಿ ಕಳುಹಿಸಿದರೆ ಗಾತ್ರ ಕುಗ್ಗಿ ಅಕ್ಷರ ಮಸುಕಾಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸುವುದು ಒಳ್ಳೆಯದು. ಪತ್ರದ ಉಲ್ಲೇಖ ಸಂಖ್ಯೆಯೂ ಕಚೇರಿಯ ದೂರವಾಣಿ ಸಂಖ್ಯೆಯೂ ಮೇಲಿನ ಬಲಮೂಲೆಯಲ್ಲಿವೆ. ಇಷ್ಟಾದರೂ ಅನುಮಾನ ಉಳಿದರೆ ಉಲ್ಲೇಖ ಸಂಖ್ಯೆ ಹೇಳಿ ಕಚೇರಿಯವರನ್ನೇ ಕೇಳೋಣ.

ಮೊದಲು ಶುರುಮಾಡಬೇಕಾದ ಮೂರು ಕೆಲಸಗಳು

ಮನೆಯ ಬೀರುವಿನಲ್ಲಿರುವ ದಾಖಲೆಗಳನ್ನು ಒಂದು ಸಂಜೆಯಲ್ಲಿ ಜೋಡಿಸಬಹುದು. ಇನ್ನೊಬ್ಬರ ಸಹಿ ಬೇಕಾಗಿರುವ ದಾಖಲೆಗಳು ಮೂರು, ಅವುಗಳಿಗೇ ದಿನಗಳು ಬೇಕು.

ನಿರಾಕ್ಷೇಪಣಾ ಪತ್ರಕ್ಕೆ ನಾಳೆಯೇ ಅರ್ಜಿ ಕೊಡು. ಅರ್ಜಿಯ ಜೊತೆಗೆ ಸಂದರ್ಶನ ಪತ್ರದ ಪ್ರತಿಯನ್ನೂ ಅನುಬಂಧ-2ರ ಖಾಲಿ ನಮೂನೆಯನ್ನೂ ಇಟ್ಟು, ಸ್ವೀಕೃತಿಯ ಮೊಹರು ಹಾಕಿಸಿದ ಒಂದು ಪ್ರತಿಯನ್ನು ನೀನು ಇಟ್ಟುಕೊಳ್ಳಬೇಕು. ಪತ್ರ ಸಕಾಲಕ್ಕೆ ಸಿಗದೆ ಹೋದರೆ, ಕೇಳಿದ್ದೆ ಎನ್ನುವುದಕ್ಕೆ ಆ ಪ್ರತಿಯೊಂದೇ ಆಧಾರ. ಅದನ್ನು ಅವರು ಒಪ್ಪುತ್ತಾರೆ ಎಂದು ನಾನು ಭರವಸೆ ಕೊಡಲಾರೆ, ಆದರೆ ಬರಿಗೈಯಲ್ಲಿ ನಿಲ್ಲುವುದಕ್ಕಿಂತ ಅದು ಮೇಲು.

ನಿನ್ನ ಸ್ನಾತಕೋತ್ತರ ಅಂಕಪಟ್ಟಿಗಳಲ್ಲಿ ಶೇಕಡಾವಾರು ಅಂಕಗಳಿಲ್ಲ, ಗ್ರೇಡ್ ಪಾಯಿಂಟ್ ಮಾತ್ರ ಇದೆ. ಗ್ರೇಡನ್ನು ಶೇಕಡಾವಾರಿಗೆ ಪರಿವರ್ತಿಸುವ ಸೂತ್ರವನ್ನು ವಿಶ್ವವಿದ್ಯಾಲಯವೇ ದೃಢೀಕರಿಸಿರಬೇಕೆಂದು ನಾಲ್ಕನೇ ಸೂಚನೆ ಕೇಳುತ್ತದೆ. ಈ ಸೂತ್ರ ಎಲ್ಲ ವಿಶ್ವವಿದ್ಯಾಲಯಗಳಲ್ಲಿಯೂ ಒಂದೇ ರೀತಿ ಇರುವುದಿಲ್ಲ, ಹಾಗಾಗಿ ಗೆಳತಿಯರು ಹೇಳಿದ ಲೆಕ್ಕವನ್ನು ಅರ್ಜಿಯಲ್ಲಿ ಬಳಸಿದ್ದರೆ ಅದನ್ನೂ ಈಗಲೇ ತಾಳೆ ನೋಡು. ಕೊನೆಯ ಅಂಕಪಟ್ಟಿಯ ಹಿಂಬದಿಯಲ್ಲಿ ಸೂತ್ರ ಅಚ್ಚಾಗಿರುವುದುಂಟು; ಇದ್ದರೆ ಆ ಹಿಂಬದಿಯನ್ನೂ ಜೆರಾಕ್ಸ್ ಮಾಡಿಸಿಕೊ. ಇಲ್ಲದಿದ್ದರೆ ಪರೀಕ್ಷಾ ವಿಭಾಗದಿಂದ ಪತ್ರ ತರಬೇಕು. ಶುಕ್ರವಾರ ರಜೆ ಹಾಕಿಯಾದರೂ ಸರಿ, ಹೋಗಿ ಬಾ.

ಮೂರನೆಯದು ಹಿಂದಿನ ಸಂಸ್ಥೆಯ ಅನುಭವ ಪ್ರಮಾಣಪತ್ರ. ನಿನ್ನ ಬಳಿ ಇರುವ ಪತ್ರದಲ್ಲಿ "ಒಂದು ವರ್ಷ ತೃಪ್ತಿಕರವಾಗಿ ಸೇವೆ ಸಲ್ಲಿಸಿದ್ದಾರೆ" ಎಂದಷ್ಟೇ ಇದೆ. ಸೂಚನೆ ಕೇಳುವುದು ಸೇರಿದ ದಿನಾಂಕ, ಬಿಟ್ಟ ದಿನಾಂಕ, ಹುದ್ದೆಯ ಹೆಸರು ಮತ್ತು ಕೆಲಸದ ಸ್ವರೂಪ. ಹೊಗಳಿಕೆ ಎಷ್ಟಿದ್ದರೂ ದಿನಾಂಕಗಳಿಲ್ಲದ ಪತ್ರದಿಂದ ಅನುಭವವನ್ನು ಲೆಕ್ಕ ಹಾಕಲು ಬರುವುದಿಲ್ಲ. ಹೊಸ ಪತ್ರ ಕೇಳು. ಅದರ ಜೊತೆಗೆ ನೇಮಕಾತಿ ಆದೇಶವನ್ನೂ ಬಿಡುಗಡೆ ಆದೇಶವನ್ನೂ ಹುಡುಕಿಡು.

ಕಡತದಲ್ಲಿ ಜೋಡಿಸುವ ಕ್ರಮ

ಮೂಲ ದಾಖಲೆಗಳಿಗೆ ಒಂದು ಕಡತ, ಸ್ವಯಂ ದೃಢೀಕರಿಸಿದ ಪ್ರತಿಗಳಿಗೆ ಇನ್ನೊಂದು. ಪತ್ರ ಎರಡು ಪ್ರತಿಗಳನ್ನು ಕೇಳಿದೆ, ನೀನು ಮೂರು ಮಾಡಿಸು. ಕ್ರಮ ಎರಡೂ ಕಡತಗಳಲ್ಲಿ ಒಂದೇ ಇರಲಿ.

1. ಸಂದರ್ಶನ ಪತ್ರದ ಮೂಲ ಪ್ರತಿ ಮತ್ತು ನೀನು ಸಲ್ಲಿಸಿದ ಅರ್ಜಿಯ ಪ್ರತಿ.
2. ಭಾವಚಿತ್ರವಿರುವ ಗುರುತಿನ ಚೀಟಿ. ಇಲ್ಲೊಂದು ತೊಡಕಿದೆ: ಅಂಕಪಟ್ಟಿಗಳಲ್ಲಿ ನಿನ್ನ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇದೆ, ಗುರುತಿನ ಚೀಟಿಯಲ್ಲಿ ಅಪ್ಪನ ಹೆಸರು ಪೂರ್ತಿಯಾಗಿದೆ. ಅರ್ಜಿಯಲ್ಲಿರುವಂತೆಯೇ ಹೆಸರು ಇರಬೇಕೆಂದು ಏಳನೇ ಸೂಚನೆ ಹೇಳುವುದರಿಂದ, ಎರಡೂ ಹೆಸರು ಒಬ್ಬಳದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಇದರ ಹಿಂದೆಯೇ ಇಡೋಣ.
3. ಜನ್ಮದಿನಾಂಕದ ದಾಖಲೆಯಾಗಿ ಹತ್ತನೇ ತರಗತಿಯ ಅಂಕಪಟ್ಟಿ.
4. ಪದವಿಯ ಆರು, ಸ್ನಾತಕೋತ್ತರದ ನಾಲ್ಕು ಸೆಮಿಸ್ಟರ್‌ಗಳ ಅಂಕಪಟ್ಟಿಗಳು, ಎರಡೂ ಪದವಿ ಪ್ರಮಾಣಪತ್ರಗಳು. ನಿನ್ನ ಸ್ನಾತಕೋತ್ತರ ಪದವಿಯ ತಾತ್ಕಾಲಿಕ ಪ್ರಮಾಣಪತ್ರ ಮಾತ್ರ ಕಡತದಲ್ಲಿ ಕಂಡ ನೆನಪು. ಘಟಿಕೋತ್ಸವದ್ದು ಬಂದಿದ್ದರೆ ಅದನ್ನೇ ಮೇಲಿಡು.
5. ಪರಿವರ್ತನಾ ಸೂತ್ರದ ಪತ್ರ.
6. ಅನುಭವ ಪ್ರಮಾಣಪತ್ರಗಳು, ಹಳೆಯದರಿಂದ ಹೊಸದಕ್ಕೆ.
7. ನಿರಾಕ್ಷೇಪಣಾ ಪತ್ರ.

ಇದಲ್ಲದೆ ಆರು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು (ಅರ್ಜಿಗೆ ಅಂಟಿಸಿದ್ದವೇ ಆಗಿರಲಿ), ಎರಡು ನೀಲಿ ಪೆನ್ನು, ಅಂಟು, ಕೈಗಡಿಯಾರ. ಮೂಲ ದಾಖಲೆಗಳನ್ನು ಲ್ಯಾಮಿನೇಟ್ ಮಾಡಿಸಲೂ ಬೇಡ, ರಂಧ್ರ ಹಾಕಲೂ ಬೇಡ. ಪ್ರತಿಗಳ ಮೇಲೆ ಸಹಿ ಮಾಡುವಾಗ ಅರ್ಜಿಯಲ್ಲಿರುವ ಸಹಿಯನ್ನೇ ಮಾಡು. ಮೂಲ ಪ್ರತಿಗಳನ್ನು ಯಾರಾದರೂ ಇಟ್ಟುಕೊಳ್ಳುತ್ತೇವೆ ಎಂದರೆ ಪಟ್ಟಿ ಬರೆದು ಸ್ವೀಕೃತಿ ಪಡೆಯದೆ ಬಿಟ್ಟು ಬರಬಾರದು.

ಪ್ರಯಾಣ

ರಾತ್ರಿ ರೈಲು ಹತ್ತಿದರೆ 16ರ ಬೆಳಿಗ್ಗೆ 7.10ಕ್ಕೆ ತಲುಪಬಹುದು, ಒಂದು ರಾತ್ರಿಯ ವಸತಿಯ ಖರ್ಚು ಉಳಿಯುತ್ತದೆ ಎಂದು ನೀನು ಯೋಚಿಸಿದ್ದೀಯ. ನಾನು ಅದನ್ನು ಒಪ್ಪಲಾರೆ. ನಿಲ್ದಾಣದಿಂದ ಆಡಳಿತ ಭವನಕ್ಕೆ ಬೆಳಗಿನ ಸಂಚಾರದಲ್ಲಿ 40 ನಿಮಿಷ ಹಿಡಿಯುತ್ತದೆ, ಸ್ನಾನಕ್ಕೂ ಬಟ್ಟೆ ಬದಲಿಸುವುದಕ್ಕೂ ಅರ್ಧ ಗಂಟೆಯಾದರೂ ಬೇಕು. ಅಲ್ಲಿಗೆ 8.20 ಆಯಿತು. ರೈಲು ಮುಕ್ಕಾಲು ಗಂಟೆ ತಡವಾದರೆ ಒಂಬತ್ತರ ಬಾಗಿಲು ಮುಚ್ಚಿರುತ್ತದೆ, ದಿನಾಂಕವನ್ನೂ ಬದಲಿಸಿಕೊಡುವುದಿಲ್ಲ.

ಆದ್ದರಿಂದ 15ರ ಬುಧವಾರ ಬೆಳಿಗ್ಗೆ 9.20ರ ರೈಲಿಗೆ ಹೊರಡು, ಸಂಜೆ 6.15ಕ್ಕೆ ತಲುಪುತ್ತದೆ. ಎರಡು ಗಂಟೆ ತಡವಾದರೂ ನಷ್ಟವಿಲ್ಲ. ಖಚಿತವಾದ ಸೀಟು ಇರುವ ಟಿಕೆಟನ್ನೇ ಮಾಡಿಸಬೇಕು, ಕಾಯುವ ಪಟ್ಟಿಯನ್ನು ನಂಬಿ ಕೂರುವುದು ಬೇಡ. ಸೀಟು ಸಿಗದಿದ್ದರೆ ಅದೇ ದಿನ ಬೆಳಗಿನ ಬಸ್ಸು. ದಾಖಲೆಗಳ ಕಡತ ನಿನ್ನ ಕೈಚೀಲದಲ್ಲಿಯೇ ಇರಲಿ, ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಬೇಡ. ವಸತಿಯನ್ನು ನಿಲ್ದಾಣದ ಬಳಿಯಲ್ಲಿ ಹುಡುಕದೆ ಆಡಳಿತ ಭವನದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಹುಡುಕುತ್ತಿದ್ದೇನೆ. ಕತ್ತಲಾಗುವ ಮೊದಲು ತಲುಪಿದರೆ ಆ ಸಂಜೆಯೇ ಒಮ್ಮೆ ನಡೆದು ಹೋಗಿ, ಯಾವ ಗೇಟು ತೆರೆದಿರುತ್ತದೆ ಎಂದು ಕಾವಲುಗಾರರನ್ನು ಕೇಳಿ ಬಾ.

16ರಂದು 7.40ಕ್ಕೆ ವಸತಿಯಿಂದ ಹೊರಡು, 8.00 ಗಂಟೆಗೆ ಗೇಟಿನಲ್ಲಿರು. ಮೊಬೈಲ್ ಹೊರಗೆ ಇಡಬೇಕಾಗುವುದರಿಂದ ವಸತಿಯ ವಿಳಾಸ, ನನ್ನ ನಂಬರು, ರೈಲಿನ ವಿವರ ಇವನ್ನು ಚೀಟಿಯಲ್ಲಿ ಬರೆದುಕೊಂಡಿರು. ಗುರುತಿನ ಚೀಟಿಯೂ ಫೋನಿನಲ್ಲಿದ್ದರೆ ಸಾಲದು, ಮೂಲ ಪ್ರತಿಯೇ ಬೇಕು. ಸಂದರ್ಶನ ಮರುದಿನಕ್ಕೆ ಹೋಗಬಹುದಾದ್ದರಿಂದ ವಸತಿಯನ್ನು ಎರಡು ರಾತ್ರಿಗೆ, ಮರಳುವ ಟಿಕೆಟನ್ನು 17ರ ಶುಕ್ರವಾರ ರಾತ್ರಿಗೆ ಮಾಡಿಸುತ್ತೇನೆ. ಕಾಲೇಜಿನಲ್ಲಿ 15ರಿಂದ 17ರವರೆಗೆ ಮೂರು ದಿನದ ರಜೆ ಕೇಳು.

ಎರಡನೇ ದರ್ಜೆಯ ರೈಲು ಪ್ರಯಾಣದ ಖರ್ಚನ್ನು ಮೂಲ ಟಿಕೆಟ್ ತೋರಿಸಿದವರಿಗೆ ಮರುಪಾವತಿ ಮಾಡುವುದಾಗಿ ಹತ್ತನೇ ಸೂಚನೆಯಲ್ಲಿದೆ. ಅದಕ್ಕಾಗಿ ನಿನ್ನ ಹೆಸರಿರುವ ರದ್ದು ಮಾಡಿದ ಚೆಕ್ಕಿನ ಹಾಳೆಯನ್ನೂ ಟಿಕೆಟ್ಟಿನ ಮುದ್ರಿತ ಪ್ರತಿಯನ್ನೂ ಕಡತದ ಕೊನೆಯ ಜೇಬಿನಲ್ಲಿ ಇಡು.

ಹೊಸ ಫೋಟೋಗಳು ಬಂದ ಕೂಡಲೇ ಎಂಟನೇ ಸೂಚನೆಯನ್ನೂ ಅನುಬಂಧವನ್ನೂ ಓದಿ, ಈ ಪಟ್ಟಿಯಲ್ಲಿ ಬದಲಾಗುವುದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಕಳುಹಿಸುತ್ತೇನೆ. 13ರ ಸೋಮವಾರ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ. ಕಡತವನ್ನು ಮುಂದಿಟ್ಟುಕೊಂಡು ಕೂತಿರು, ನಾನು ಒಂದೊಂದನ್ನೇ ಓದುತ್ತೇನೆ, ನೀನು ಹಾಳೆಯನ್ನು ಕೈಯಿಂದ ಮುಟ್ಟಿ ನೋಡಿ ಇದೆ ಎಂದು ಹೇಳು.

ನಿನ್ನ ಅಣ್ಣ