ಎಂ40 ಎಸ್‌ಸಿಸಿ ಮಿಕ್ಸ್ ಡಿಸೈನ್: ಟ್ರಯಲ್ ಫಲಿತಾಂಶ ಮತ್ತು ಒಪ್ಪಿಗೆಗೆ ಮನವಿ

ಮೈಸೂರು, 2 ಜುಲೈ 2025

ಗೆ: ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಅವರಿಗೆ
ಕೆಲಸ: ಮಂಡ್ಯದ ಐದು ಅಂತಸ್ತಿನ ಕಟ್ಟಡ, ನೆಲಮಹಡಿ ಹಾಲ್ ಮೇಲಿನ ಟ್ರಾನ್ಸ್‌ಫರ್ ಬೀಮ್‌ಗಳು

ಸರ್, ನಮಸ್ಕಾರ.

ಕಾಲಂ ಮತ್ತು ಬೀಮ್ ಸೇರುವ ಜಾಗವನ್ನು ಹೋದ ತಿಂಗಳು ನೀವೂ ನೋಡಿದ್ದೀರಿ. ಕಬ್ಬಿಣದ ನಡುವೆ ಕೆಲವೆಡೆ 45 ಮಿ.ಮೀ. ಸಂದಿ ಮಾತ್ರ ಇದೆ. ಅಲ್ಲಿ ವೈಬ್ರೇಟರ್ ಸೂಜಿ ಇಳಿಯುವುದಿಲ್ಲ. ಹಿಂದೆ ಬೇರೊಂದು ಕೆಲಸದಲ್ಲಿ ಇಂಥದ್ದೇ ಜಾಗಕ್ಕೆ ಮಾಮೂಲಿ ಕಾಂಕ್ರೀಟ್ ಹಾಕಿದ್ದೆವು. ಶಟರಿಂಗ್ ಬಿಚ್ಚಿದಾಗ ಬೀಮಿನ ತಳದಲ್ಲಿ ಜಲ್ಲಿ ಎದ್ದು ಕಾಣುತ್ತಿತ್ತು, ಒಳಗಿನ ಕಂಬಿಯೂ ಕಂಡಿತು. ಅದಕ್ಕೇ ಈ ಸಲ ತಾನಾಗಿಯೇ ತುಂಬಿಕೊಳ್ಳುವ ಕಾಂಕ್ರೀಟ್ ಬೇಕೆಂದು ಕೇಳುತ್ತಿದ್ದೇವೆ.

ಡಿಸೈನ್ ಐಎಸ್ 10262:2019ರ ಪ್ರಕಾರ ಮಾಡಿದ್ದೇವೆ. ಟಾರ್ಗೆಟ್ ಸ್ಟ್ರೆಂತ್ 40 + 1.65 × 5 = 48.25 ಎನ್/ಚ.ಮಿ.ಮೀ. ಸಿಮೆಂಟ್ ಒಪಿಸಿ 53, ಜೊತೆಗೆ ಹಾರುಬೂದಿ, ಎಂ-ಸ್ಯಾಂಡ್, 12.5 ಮಿ.ಮೀ. ಜಲ್ಲಿ, ಪಿಸಿಇ ಅಡ್ಮಿಕ್ಸ್ಚರ್. 20 ಮಿ.ಮೀ. ಜಲ್ಲಿಯನ್ನು ಆ ಸಂದಿ ನೋಡಿಯೇ ಬಿಟ್ಟೆವು.

ಒಂದು ಘನ ಮೀಟರಿಗೆ (ಜಲ್ಲಿ, ಮರಳು ಎಸ್‌ಎಸ್‌ಡಿ ಸ್ಥಿತಿಯಲ್ಲಿ):

| ಸಾಮಗ್ರಿ | ಕೆ.ಜಿ. |
|---|---|
| ಸಿಮೆಂಟ್ | 380 |
| ಹಾರುಬೂದಿ | 110 |
| ನೀರು | 172 |
| ಎಂ-ಸ್ಯಾಂಡ್ | 866 |
| ಜಲ್ಲಿ 12.5 ಮಿ.ಮೀ. | 822 |
| ಅಡ್ಮಿಕ್ಸ್ಚರ್ (1.0%) | 4.9 |

ನೀರು-ಬೈಂಡರ್ ಅನುಪಾತ 0.35. ಎಂ-ಸ್ಯಾಂಡ್‌ನಲ್ಲಿ 125 ಮೈಕ್ರಾನ್‌ಗಿಂತ ಸಣ್ಣ ಪುಡಿ 6% ಇದೆ. ಅದನ್ನೂ ಸೇರಿಸಿದರೆ ಒಟ್ಟು ಪೌಡರ್ 542 ಕೆ.ಜಿ. ಆಗುತ್ತದೆ, ಗಾತ್ರದಲ್ಲಿ ನೀರು-ಪೌಡರ್ ಅನುಪಾತ 0.90. ಜಲ್ಲಿ ಒಟ್ಟು ಗಾತ್ರದ 31%.

ಈ ಅಳತೆಗೆ ಒಂದೇ ಸಲಕ್ಕೆ ಬರಲಿಲ್ಲ. ಜೂನ್ 2ರಂದು 80 ಲೀಟರಿನ ಮೂರು ಬ್ಯಾಚ್ ಮಾಡಿದೆವು. ಮೊದಲನೆಯದರಲ್ಲಿ ಜಲ್ಲಿ 890 ಕೆ.ಜಿ., ಅಡ್ಮಿಕ್ಸ್ಚರ್ 0.8%. ಎಲ್-ಬಾಕ್ಸ್ ಗೇಟ್ ಎತ್ತಿದಾಗ ಕಂಬಿಗಳ ಹಿಂದೆ ಜಲ್ಲಿ ಸಿಕ್ಕಿಕೊಂಡು ನಿಂತಿತು, ಮುಂದೆ ಬರೀ ಗಾರೆ ಹರಿಯಿತು. ನಿಮ್ಮ ಬೀಮಿನೊಳಗೂ ಹೀಗೇ ಆಗುತ್ತಿತ್ತು. ಎರಡನೆಯದರಲ್ಲಿ ಜಲ್ಲಿ 822ಕ್ಕೆ ಇಳಿಸಿ ಮರಳು ಏರಿಸಿದೆವು, ಅಡ್ಮಿಕ್ಸ್ಚರ್ 1.2% ಹಾಕಿದೆವು. 735 ಮಿ.ಮೀ. ಹರಡಿತು, ನೋಡಲು ಚೆನ್ನಾಗಿಯೇ ಇತ್ತು. ಆದರೆ ಬಗ್ಗಿ ನೋಡಿದರೆ ಅಂಚಿನ ಸುತ್ತ ಎರಡು ಬೆರಳಗಲ ಸಿಮೆಂಟ್ ಹಾಲು, ನಡುವೆ ಜಲ್ಲಿ ಗುಡ್ಡೆ. ಹರಿವು ಮಾತ್ರ ನೋಡಿದ್ದರೆ ಇದನ್ನೇ ಪಾಸ್ ಮಾಡುತ್ತಿದ್ದೆವು. ಮೂರನೆಯದರಲ್ಲಿ ಅಡ್ಮಿಕ್ಸ್ಚರ್ 1.0%ಕ್ಕೆ ತಂದಾಗ ಜಲ್ಲಿ ಅಂಚಿನವರೆಗೂ ಸಮನಾಗಿ ಹೋಯಿತು.

ಹಸಿ ಕಾಂಕ್ರೀಟಿನ ಪರೀಕ್ಷೆಗಳು ಐಎಸ್ 1199 ಭಾಗ 6ರ ಪ್ರಕಾರ:

| ಪರೀಕ್ಷೆ | ಟ್ರಯಲ್ 1 | ಟ್ರಯಲ್ 2 | ಟ್ರಯಲ್ 3 | ಬೇಕಾದ್ದು |
|---|---|---|---|---|
| ಸ್ಲಂಪ್ ಫ್ಲೋ, ಮಿ.ಮೀ. | 610 | 735 | 690 | 660–750 |
| ಟಿ500, ಸೆಕೆಂಡ್ | 6.2 | 2.2 | 3.6 | 2ಕ್ಕಿಂತ ಜಾಸ್ತಿ |
| ವಿ-ಫನಲ್, ಸೆಕೆಂಡ್ | 19 | 12 | 11 | 9–25 |
| ಎಲ್-ಬಾಕ್ಸ್, 3 ಕಂಬಿ | 0.71 | 0.84 | 0.88 | ಕನಿಷ್ಠ 0.80 |
| ಜರಡಿ ಬೇರ್ಪಡಿಕೆ, % | 6 | 22 | 11 | ಗರಿಷ್ಠ 15 |

ಟ್ರಯಲ್ 3ರ ಕ್ಯೂಬ್‌ಗಳನ್ನು ಕಂಬಿಯಿಂದ ಕುಟ್ಟದೆ, ಸುಮ್ನೆ ಸುರಿದು ತುಂಬಿದೆವು. 7 ದಿನಕ್ಕೆ ಸರಾಸರಿ 36.4 ಬಂತು. 28 ದಿನಕ್ಕೆ 51.8, 50.3, 51.6, ಸರಾಸರಿ 51.2 ಎನ್/ಚ.ಮಿ.ಮೀ.

ಮೈಸೂರಿನ ಪ್ಲಾಂಟ್‌ನಿಂದ ಸೈಟಿಗೆ ಹಗಲಲ್ಲಿ ಲಾರಿ ತಲುಪಲು ಒಂದೂಕಾಲು ಗಂಟೆ ಬೇಕಾಯಿತು. ಹಾಗಾಗಿ ಟ್ರಯಲ್ 3ರ ಹರಿವನ್ನು ಕಾದು ನೋಡಿದೆವು: 60 ನಿಮಿಷಕ್ಕೆ 680, 90 ನಿಮಿಷಕ್ಕೆ 665. ಅಂಚಿಗೇ ನಿಂತಿದೆ, ಅಲ್ವಾ? ಆದ್ದರಿಂದ ಬ್ಯಾಚ್ ಮಾಡಿದ 90 ನಿಮಿಷದೊಳಗೆ ಸುರಿದು ಮುಗಿಸಬೇಕು. ಮೀರಿದ ಲಾರಿಯನ್ನು ನಾವೇ ವಾಪಸ್ ಕರೆಸಿಕೊಳ್ಳುತ್ತೇವೆ. ಸೈಟಿನಲ್ಲಿ ಯಾರೂ ನೀರು ಬೆರೆಸಬಾರದು.

ನನಗೆ ಹೆಚ್ಚು ಚಿಂತೆ ಇರುವುದು ಮರಳಿನ ತೇವದ ಬಗ್ಗೆ. ಈಗ ಮಳೆಗಾಲ. ತೇವದ ಲೆಕ್ಕ 1% ತಪ್ಪಿದರೆ ಘನ ಮೀಟರಿಗೆ ಸುಮಾರು 8.7 ಲೀಟರ್ ನೀರು ಜಾಸ್ತಿ ಸೇರಿಬಿಡುತ್ತದೆ. ಬೇಕೆಂದೇ 9 ಲೀಟರ್ ಹೆಚ್ಚಿಗೆ ಹಾಕಿ ಇನ್ನೊಂದು ಬ್ಯಾಚ್ ಮಾಡಿದೆವು. ಹರಿವು 740ಕ್ಕೆ ಏರಿತು, ಬೇರ್ಪಡಿಕೆ 18% ಆಗಿ ಫೇಲಾಯಿತು. ಹಾಗಾಗಿ ಮರಳನ್ನು ಸೂರಿನಡಿ ಇಟ್ಟು, ಬೆಳಿಗ್ಗೆ ಒಮ್ಮೆ, ಮಳೆ ಬಂದರೆ ಮತ್ತೊಮ್ಮೆ ತೇವ ಅಳೆದು ನೀರು ತಿದ್ದುತ್ತೇವೆ. ಪ್ರತಿ ಲಾರಿಗೂ ಸೈಟಿನಲ್ಲಿ ಸ್ಲಂಪ್ ಫ್ಲೋ ನೋಡುತ್ತೇವೆ.

ಸೆಂಟ್ರಿಂಗ್ ಮೇಸ್ತ್ರಿಗೆ ನಿಮ್ಮ ಕಡೆಯಿಂದಲೂ ಒಂದು ಮಾತು ಹೇಳಿ. ಇದು ನೀರಿನಂತೆ ಪೂರ್ತಿ ಒತ್ತಡ ಕೊಡುತ್ತದೆ. 1.5 ಮೀಟರ್ ಆಳದ ಬೀಮಿನ ತಳದಲ್ಲಿ ಪಕ್ಕದ ಹಲಗೆಗೆ ಚದರ ಮೀಟರಿಗೆ ಸುಮಾರು 36 ಕಿಲೋನ್ಯೂಟನ್ ಬೀಳುತ್ತದೆ. ಟೈ ಬಿಗಿಯಾಗಿರಲಿ, ಹಲಗೆ ಸಂದಿಗೆಲ್ಲ ಫೋಮ್ ಟೇಪ್ ಹಾಕಲಿ.

ಟ್ರಯಲ್ 3ಕ್ಕೆ ಒಪ್ಪಿಗೆ ಕೊಡಬೇಕೆಂದು ಕೋರುತ್ತೇನೆ. ಒಪ್ಪಿಗೆ ಕೊಡುವ ಮೊದಲು ಪ್ಲಾಂಟಿಗೆ ಬಂದರೆ ನಿಮ್ಮೆದುರೇ ಇನ್ನೊಂದು ಬ್ಯಾಚ್ ಮಾಡಿ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕ್ವಾಲಿಟಿ ಎಂಜಿನಿಯರ್, ರೆಡಿಮಿಕ್ಸ್ ಪ್ಲಾಂಟ್, ಮೈಸೂರು