ಅಕ್ಕನ ಜಿಮ್ ದಿನದ ರಾತ್ರಿ ಊಟ: 30 ಗ್ರಾಂ ಪ್ರೋಟೀನ್, 450 ಕ್ಯಾಲೊರಿ ಒಳಗೆ

ಅಕ್ಕಾ,

ನೀನು ಜಿಮ್‌ನಿಂದ ಬರುವುದು ಎಂಟು ಗಂಟೆಗೆ. ಆಮೇಲೆ ಬೇರೆ ತಿಂಡಿ ಬೇಡ, ರಾತ್ರಿ ಊಟವನ್ನೇ ಸರಿಯಾಗಿ ಜೋಡಿಸಿಕೊಂಡರೆ ಸಾಕು. ಮೊದಲು ಪ್ರೋಟೀನ್ ತಟ್ಟೆಗೆ ಬರಲಿ. ಮುದ್ದೆ, ಅನ್ನ ಎಷ್ಟು ಅಂತ ಉಳಿದ ಕ್ಯಾಲೊರಿ ನೋಡಿ ತೀರ್ಮಾನ ಮಾಡೋಣ.

ಸೋಮವಾರ, ಶನಿವಾರ (ಮನೆಯಲ್ಲಿ ಮೊಟ್ಟೆ ಇಲ್ಲದ ದಿನ)

ಮೀಲ್ ಮೇಕರ್ 45 ಗ್ರಾಂ: ಪ್ರೋಟೀನ್ 23, ಕ್ಯಾಲೊರಿ 155
ರಾಗಿ ಹಿಟ್ಟು 40 ಗ್ರಾಂ, ಒಂದು ಸಣ್ಣ ಮುದ್ದೆ: 3, 130
ಗಟ್ಟಿ ಮೊಸರು 100 ಗ್ರಾಂ: 3, 60
ಈರುಳ್ಳಿ, ಟೊಮೆಟೊ: 1, 30
ಎಣ್ಣೆ ಒಂದು ಟೀ ಚಮಚ: 0, 45
ಒಟ್ಟು: ಪ್ರೋಟೀನ್ 30 ಗ್ರಾಂ, ಕ್ಯಾಲೊರಿ 420

ಮೀಲ್ ಮೇಕರ್ ಒಣಗಿದ್ದಾಗಲೇ ತೂಗು. ನೆನೆಸಿದ ಮೇಲೆ ನೀರು ಹೀರಿ ತೂಕ ದುಪ್ಪಟ್ಟು ದಾಟುತ್ತದೆ, ಆಗ 45 ಗ್ರಾಂ ತೂಗಿದರೆ ಪ್ರೋಟೀನ್ ಅರ್ಧಕ್ಕಿಂತ ಕಡಿಮೆ. ಉಪ್ಪು ಹಾಕಿದ ನೀರಲ್ಲಿ ಐದು ನಿಮಿಷ ಕುದಿಸಿ, ತಣ್ಣೀರಲ್ಲಿ ತೊಳೆದು, ಅಂಗೈಯಲ್ಲಿ ಚೆನ್ನಾಗಿ ಹಿಂಡು. ಆ ವಾಸನೆ ನಿನಗೆ ಆಗೋದಿಲ್ಲ ಅಲ್ವಾ, ಹಿಂಡಿದರೆ ಮುಕ್ಕಾಲು ಪಾಲು ಹೋಗುತ್ತದೆ. ಉಳಿದದ್ದನ್ನು ಶುಂಠಿ, ಬೆಳ್ಳುಳ್ಳಿ, ಸಾರಿನಪುಡಿ ನೋಡಿಕೊಳ್ಳುತ್ತವೆ. ಕಾಯಿ ಮಾತ್ರ ರುಬ್ಬಬೇಡ.

ಬುಧವಾರ

ಎರಡು ಇಡೀ ಮೊಟ್ಟೆ: 12, 145
ನಾಲ್ಕು ಮೊಟ್ಟೆಯ ಬಿಳಿ: 14, 70
ಅಕ್ಕಿ 40 ಗ್ರಾಂ (ಬೇಯಿಸುವ ಮೊದಲು): 3, 140
ಎಣ್ಣೆ ಒಂದು ಟೀ ಚಮಚ: 0, 45
ಈರುಳ್ಳಿ, ಹಸಿಮೆಣಸಿನಕಾಯಿ, ಅರ್ಧ ಲೋಟ ಮಜ್ಜಿಗೆ: 1, 40
ಒಟ್ಟು: ಪ್ರೋಟೀನ್ 30 ಗ್ರಾಂ, ಕ್ಯಾಲೊರಿ 440

ಪನೀರ್ ಯಾಕಿಲ್ಲ ಅಂತ ಕೇಳೇ ಕೇಳುತ್ತೀಯ. 100 ಗ್ರಾಂ ಪನೀರಲ್ಲಿ ಪ್ರೋಟೀನ್ 18 ಗ್ರಾಂ, ಕ್ಯಾಲೊರಿ ಸುಮಾರು 290. ಬರೀ ಅದರಿಂದಲೇ 30 ಗ್ರಾಂ ಮಾಡಲು ಹೊರಟರೆ ಮುದ್ದೆ ಮುರಿಯುವ ಮೊದಲೇ 450 ದಾಟಿರುತ್ತದೆ. ಭಾನುವಾರ ತಿನ್ನು, ಯಾರು ಬೇಡ ಅಂದರು? ಕಡಲೆಬೀಜದ ಕಥೆಯೂ ಇದೇ, ಒಂದು ಹಿಡಿ ಅಂದರೆ 170 ಕ್ಯಾಲೊರಿ, ಪ್ರೋಟೀನ್ ಏಳೆಂಟು ಗ್ರಾಂ. ಇನ್ನು ಅಮ್ಮನ ಬೇಳೆ ಸಾರು. ಒಂದು ಬಟ್ಟಲಿಗೆ ಬೀಳುವ ಬೇಳೆ 20 ಗ್ರಾಂ ಇದ್ದರೆ ಹೆಚ್ಚು. ಅಂದರೆ ನಾಲ್ಕೈದು ಗ್ರಾಂ ಪ್ರೋಟೀನ್. ರುಚಿಗೆ ತಿನ್ನು, ಲೆಕ್ಕಕ್ಕೆ ಹಿಡಿಯಬೇಡ.

ಲೆಕ್ಕ ಕೆಡುವುದು ಹೆಚ್ಚಾಗಿ ಎಣ್ಣೆಯಲ್ಲಿ. ಡಬ್ಬಿಯಿಂದ ಸುಮ್ನೆ ಸುರಿದರೆ ಮೂರು ಚಮಚ ಬಿದ್ದಿದ್ದೂ ಗೊತ್ತಾಗದು, ಅಲ್ಲೇ 90 ಜಾಸ್ತಿ. ಚಮಚದಲ್ಲೇ ಹಾಕು. ಮೇಲಿನ ಅಂಕಿಗಳೆಲ್ಲ ಅಂದಾಜು, ಮೀಲ್ ಮೇಕರ್ ಮತ್ತು ಮೊಸರಿನ ಪ್ಯಾಕೆಟ್ ಹಿಂದೆ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿ. ಹತ್ತು ಕ್ಯಾಲೊರಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡ.

ಹಸಿವು ಇನ್ನೂ ಇದ್ದರೆ ಸೌತೆಕಾಯಿ ಹೆಚ್ಚಿಕೋ. ಮುದ್ದೆ ದೊಡ್ಡದು ಮಾಡಬೇಡ.