ಮೇಡಂಗ ಒಂದು ಸಿಹಿ ಸುದ್ದಿ

ಮೇಡಂ, ನಮಸ್ಕಾರ್ರಿ. ಐತವಾರ ಸಂಜಿಮುಂದ ನನ್ನ ಮೆಸೇಜ್ ಬಂತಂದ್ರ ಎಲ್ಲೋ ಲಾರಿ ಕೆಟ್ಟು ನಿಂತಿರಬೇಕು ಅಂತ ಗಾಬರಿ ಆಗಬ್ಯಾಡ್ರಿ. ಲೋಡೂ ಬರೋಬ್ಬರಿ ಐತಿ, ಲೆಕ್ಕಾನೂ ಬರೋಬ್ಬರಿ ಐತಿ. ಸುದ್ದಿ ಬ್ಯಾರೆನ ಐತ್ರಿ.

ನಾನು ಹೊಟ್ಟಿಲೆ ಅದೀನ್ರಿ! 😄 ಏಪ್ರಿಲ್ 20ರ ಸುಮಾರಿಗೆ ನಮ್ಮನಿಗೆ ಹೊಸಾ ಮಂದಿ ಬರ್ತಾರ.

ದಸರಾದಾಗ ನಿಮಗ ಬನ್ನಿ ಕೊಡೂಮುಂದನ ನಾಲಗಿ ತುದಿಗೆ ಬಂದಿತ್ರಿ. ಆದ್ರ ಮೂರು ತಿಂಗಳ ತುಂಬೂ ತನಕ ಬಾಯಿ ಬಿಡಬ್ಯಾಡ ಅಂತ ನಮ್ಮ ಅತ್ತಿಯವರ ತಾಕೀತು. ಮೊನ್ನೆ ಸ್ಕ್ಯಾನಿಂಗ್ ಆತು. ಎಲ್ಲಾ ಚೊಲೋ ಐತಿ ಅಂದ್ರು ಡಾಕ್ಟರು. ಕೂಸಿನ ಎದಿ ಬಡಿತ ಕೇಳಿಸಿದ್ರು ನೋಡ್ರಿ, ನಮ್ಮ ಮನಿಯವ್ರ ಕಣ್ಣಾಗ ನೀರು! ಕೇಳಿದ್ರ "ಎಸಿ ಗಾಳಿ ಜೋರ ಐತಿ" ಅಂದ್ರು.

ಈಗ ನಿಮಗ ಎಲ್ಲಾ ತಾಳೆ ಆಗಿರಬೇಕು. ಸ್ಯಾಂಪಲ್ ರೂಮಿನ್ಯಾಗ ಡಬ್ಬಿ ಮೆಣಸಿನಕಾಯಿ ಚೀಲ ಬಿಚ್ಚಿದ ಕೂಡ್ಲೆ ನಾ ವೇಲ್ ಬಾಯಿಗೆ ಹಿಡಕೊಂಡು ಓಡ್ತಿದ್ದೆ. ನೀವು ಪಿತ್ತ ಆಗೇತಿ ಅಂತ ಜೀರಗಿ ನೀರು ಕುದಿಸಿ ತಂದು ಕೊಡ್ತಿದ್ರಿ. ಆ ಪಿತ್ತಕ್ಕ ಈಗ ಕೈಕಾಲು ಮೂಡ್ಯಾವ್ರಿ! ಮಜಾ ಏನಂದ್ರ, ಒಣ ಮೆಣಸಿನಕಾಯಿ ವಾಸನಿ ಬಂದ್ರ ಹೊಟ್ಟಿ ತೊಳಸ್ತೈತಿ, ಮಿರ್ಚಿ ಭಜಿ, ಗಿರ್ಮಿಟ್ ಮಾತ್ರ ದಿನಾ ಬೇಕು. ಒಳಗ ಇರೋರು ಪಕ್ಕಾ ಹುಬ್ಬಳ್ಳಿಯವ್ರ ಅದಾರ ಅಂತ ಕಾಣ್ತೈತಿ.

ಇನ್ನ ಕೆಲಸದ್ದು. ಇದನ್ನ ಸಾವಕಾಶ ಓದ್ರಿ, ನಾ ಒಂದೀಟು ವಿಚಾರ ಮಾಡೀನಿ.

ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟಿಗೆ ನಸುಕಿನ್ಯಾಗ ಎದ್ದು ಹೋಗೂದು ಇನ್ನ ನನಗ ಆಗಂಗಿಲ್ರಿ. ರಸ್ತೆದ್ದು ಏನೂ ಅಂಜಿಕಿ ಇಲ್ಲ, ಆದ್ರ ಅಲ್ಲಿ ಯಾರ್ಡಿನ ಘಾಟು ನಿಮಗ ಗೊತ್ತೈತಿ. ಸುಗ್ಗಿ ಅಲ್ಲದ ದಿನಾನೂ ಕೆಮ್ಮು ಬರ್ತೈತಿ, ಜನವರಿ ಆತಂದ್ರ ಮುಗೀತು. ಶಿವಾನಂದನ್ನ ಕಳಿಸೋಣೇನ್ರಿ? ಅವನ ಕಣ್ಣು ಚೊಲೋ ಐತಿ. ಕಡ್ಡಿ, ಡಬ್ಬಿ ದೂರದಿಂದನ ಹೇಳ್ತಾನ, ತೇವಾ ಕೈಯಾಗ ಹಿಡದನ ಅಂದಾಜ ಮಾಡ್ತಾನ. ಬರೇ ಗಡಿಬಿಡಿ ಜಾಸ್ತಿ. ಅವ ಲಾಟ್ ನೋಡಿ ಫೋಟೋ ಕಳಿಸಿದ್ರ ರೇಟಿನ ಲೆಕ್ಕಾ ನಾ ಆಫೀಸಿನ್ಯಾಗ ಕುಂತು ಮಾಡ್ತೀನಿ. ಟೆಂಡರ್ ಹೆಂಗೂ ಕಂಪ್ಯೂಟರಿನ್ಯಾಗ ಹಾಕೂದಲ್ರಿ. ದೀಪಾವಳಿ ಒಳಗ ಒಂದೆರಡ ಸಲ ಅವನ್ನ ನೀವ ಕರಕೊಂಡು ಹೋದ್ರ ಸಾಕು. ಕೋಲ್ಡ್ ಸ್ಟೋರೇಜಿನ ಸ್ಟಾಕ್, ಬಿಲ್ಲು, ಪಾರ್ಟಿಗಳ ಫೋನು, ಎಲ್ಲಾ ನನಗ ಇರ್ಲಿ.

ರಜಾದ್ದು ಹಿಂಗ ಅಂದ್ಕೊಂಡೀನ್ರಿ. ಕಾಯ್ದೆದಾಗ ಮೊದಲಿನ ಎರಡು ಹೆರಿಗಿಗೆ 26 ವಾರ ಪಗಾರಿನ ರಜಾ ಐತಿ, ಅದರಾಗ 8 ವಾರದ ತನಕ ಹೆರಿಗಿಗಿಂತ ಮುಂಚೆ ತಗೋಬಹುದು. ನನಗ ಮುಂಚೆ 4 ವಾರ ಸಾಕು. ಮಾರ್ಚ್ 23ರಿಂದ ತಗೊಂಡ್ರ ಸೆಪ್ಟೆಂಬರ್ 20ಕ್ಕ ಮುಗೀತೈತಿ, 21ಕ್ಕ ನಾ ಹಾಜರ. ಹೊಸಾ ಮಾಲು ಮಾರ್ಕೆಟ್ಟಿಗೆ ಬರೂದರಾಗ ನಾ ನನ್ನ ಕುರ್ಚಿ ಮ್ಯಾಲ! ಈ ಸಲದ ಸುಗ್ಗಿನೂ ಬಹಳಷ್ಟು ಸಿಗ್ತೈತಿ. ನಮ್ಮ ಕೂಸು ಮಾರ್ಕೆಟ್ ನೋಡಿನ ತಾರೀಕು ಹಿಡದೈತಿ ಬಿಡ್ರಿ. ನಡುವ ಡಾಕ್ಟರು ಬ್ಯಾರೆ ಏನರ ಅಂದ್ರ ಆಗಿಂದಾಗ ಹೇಳ್ತೀನಿ. ಅರ್ಜಿ, ರಿಪೋರ್ಟು ಎಲ್ಲಾ ಈ ವಾರ ಆಫೀಸ್ ಮೇಲಿಗೆ ರೀತಿ ಪ್ರಕಾರ ಹಾಕ್ತೀನಿ. ಅದರಾಗ "ಮಾನ್ಯರೆ" ಅಂತ ಬರದಿರ್ತೀನಿ, ನಗಬ್ಯಾಡ್ರಿ.

ಚೊಚ್ಚಲ ಐತಲ್ರಿ, ಹೆರಿಗಿ ಗದಗಿನ್ಯಾಗ, ನಮ್ಮವ್ವನ ಕಡೆ. ಬಾಣಂತನಕ್ಕ ಅಂಟಿನ ಉಂಡಿ ಕಟ್ಟಾಕ ಉತ್ತತ್ತಿ, ಒಣ ಕೊಬ್ಬರಿ ಎಲ್ಲಿ ತರೂದು ಅಂತ ಆಕಿ ಈಗಿಂದನ ಲಿಸ್ಟ್ ಮಾಡ್ಯಾಳ. ಸಂಕ್ರಮಣ ಆದಮ್ಯಾಲ ಹುಬ್ಬಳ್ಳ್ಯಾಗನ ಕುಬಸ. ನೀವು ಬಂದು ಉಡಿ ತುಂಬಬೇಕು, ಅದರಾಗ ಮಾತ್ರ ಮೀಟಿಂಗ್ ಐತಿ ಅನ್ನಂಗಿಲ್ಲ.

ಒಂದ ವಿನಂತಿ ರೀ: ಗ್ರೂಪಿನ್ಯಾಗ ಈಗ ಹಾಕಬ್ಯಾಡ್ರಿ. ದೀಪಾವಳಿ ಆದಮ್ಯಾಲ ಎಲ್ಲಾರಿಗೂ ನಾನ ಹೇಳ್ತೀನಿ. ಆಫೀಸಿನ್ಯಾಗ ಮೊದಲ ನಿಮಗ ತಿಳೀಬೇಕು ಅಂತ ನನಗ ಆಸೆ ಇತ್ತು.

ನಾಳೆ ಧಾರವಾಡ ಪೇಡೆ ತರ್ತೀನಿ. ಯಾರರ ಯಾಕ ಅಂತ ಕೇಳಿದ್ರ ದೀಪಾನ ಪಗಾರ ಹೆಚ್ಚಾಗೇತಿ ಅನ್ರಿ. ಆಗಿಲ್ಲ ಅನ್ನೂದು ನಿಮಗೂ ಗೊತ್ತು, ನನಗೂ ಗೊತ್ತು 😄

ನಿಮ್ಮ ದೀಪಾ